ಟಿಕೆಟ್ ಕ್ಯಾನ್ಸಲ್ ಮಾಡಿದರೆ ಟ್ಯಾಕ್ಸ್ ಪೂರ್ತಿ ವಾಪಸ್ ಬರಬೇಕಲ್ಲವೇ?

ಪ್ರಶ್ನೆ: ನಾನ್-ರಿಫಂಡಬಲ್ ವಿಮಾನ ಟಿಕೆಟ್ ಕ್ಯಾನ್ಸಲ್ ಮಾಡಿದೆ. ಫೇರ್ ಹೋಗುತ್ತದೆಂದು ಗೊತ್ತಿತ್ತು. ಟ್ಯಾಕ್ಸ್ ಆದರೂ ಪೂರ್ತಿ ಬರಬೇಕಿತ್ತಲ್ಲ, ಅದರಲ್ಲೂ ಅರ್ಧಕ್ಕಿಂತ ಕಡಿಮೆ ಬಂದಿದೆ. ಇದು ಮೋಸವಲ್ಲವೇ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ಬಿಡಿಸಿಯೇ ಹೇಳುತ್ತೇನೆ. ಬಿಲ್ಲಿನಲ್ಲಿ ‘ಟ್ಯಾಕ್ಸ್ ಮತ್ತು ಶುಲ್ಕ’ ಎಂದಿರುವುದೆಲ್ಲ ಸರ್ಕಾರಕ್ಕೆ ಹೋಗುವ ತೆರಿಗೆಯಲ್ಲ.

ಇ-ಟಿಕೆಟ್ಟಿನ ಫೇರ್ ವಿವರ ತೆಗೆದು ನೋಡಿ. ಮೊತ್ತಗಳ ಪಕ್ಕದಲ್ಲಿ ಎರಡಕ್ಷರದ ಕೋಡ್‌ಗಳಿರುತ್ತವೆ. YQ ಅಥವಾ YR ಎಂದಿದ್ದರೆ ಅದು ವಿಮಾನಯಾನ ಕಂಪನಿ ತಾನೇ ಹಾಕಿಕೊಂಡ ಸರ್‌ಚಾರ್ಜ್. ಎಷ್ಟೋ ಕಡೆ ಇಂಧನದ ಹೆಸರಿನಲ್ಲಿ ಶುರುವಾದದ್ದು. ಕೂತಿರುವುದು ಟ್ಯಾಕ್ಸ್ ಸಾಲಿನಲ್ಲಿ, ದುಡ್ಡು ಸೇರುವುದು ಕಂಪನಿಗೆ. ಅದು ವಾಪಸ್ ಬರುತ್ತದೋ ಇಲ್ಲವೋ ಎಂದು ಹೇಳುವುದು ಫೇರ್ ರೂಲ್ಸ್‌ನ ‘ಪೆನಾಲ್ಟೀಸ್’ ಭಾಗ. ಅಗ್ಗದ ಟಿಕೆಟ್ಟುಗಳಲ್ಲಿ ಇದನ್ನೂ ಫೇರ್ ಜೊತೆಗೇ ಮುಟ್ಟುಗೋಲು ಹಾಕಿಕೊಳ್ಳುವುದು ಸಾಮಾನ್ಯ. ಫೇರ್ ಮೇಲೆ ಶೇಕಡಾವಾರು ಹಾಕಿದ ತೆರಿಗೆಯೂ ಎಷ್ಟೋ ಸಲ ಫೇರ್ ಜೊತೆಗೇ ಹೋಗುತ್ತದೆ. ಸಾಮಾನ್ಯವಾಗಿ ವಾಪಸ್ ಬರುವುದು ವಿಮಾನ ನಿಲ್ದಾಣದ ಪ್ರಯಾಣಿಕ ಶುಲ್ಕದಂಥವು. ನೀವು ಹಾರದಿದ್ದರೆ ಆ ಶುಲ್ಕ ನಿಮ್ಮ ಮೇಲೆ ಬೀಳುವುದೇ ಇಲ್ಲ.

ಲೆಕ್ಕಕ್ಕೆ ನೀವು ಒಟ್ಟು 100 ಕೊಟ್ಟಿರಿ ಎಂದಿಟ್ಟುಕೊಳ್ಳಿ. ಬೇಸ್ ಫೇರ್ 50, YQ 20, ನಿಲ್ದಾಣದ ಶುಲ್ಕ 18, ಸೀಟು ಆಯ್ಕೆಗೆ 4, ಕನ್ವೀನಿಯನ್ಸ್ ಫೀ 8. ಬಿಲ್ಲಿನಲ್ಲಿ YQ ಮತ್ತು ನಿಲ್ದಾಣದ ಶುಲ್ಕ ಸೇರಿ ‘ಟ್ಯಾಕ್ಸ್ 38’ ಎಂದು ಕಾಣುತ್ತದೆ. ನೀವು 38 ಬರುತ್ತದೆಂದು ಕಾಯುತ್ತೀರಿ. ಆದರೆ ಫೇರ್ ಜೊತೆ YQ ಕೂಡ ಹೋಯಿತು. ಕನ್ವೀನಿಯನ್ಸ್ ಫೀ ಬುಕ್ ಮಾಡಿಕೊಟ್ಟದ್ದಕ್ಕೆ ತೆಗೆದುಕೊಂಡದ್ದು, ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಸೀಟಿನ ದುಡ್ಡಿನದೂ ಬಹುಪಾಲು ಅದೇ ಕಥೆ. ಉಳಿದದ್ದು 18. ಬುಕಿಂಗ್ ಸೈಟು ಕ್ಯಾನ್ಸಲ್ ಮಾಡಿಕೊಟ್ಟದ್ದಕ್ಕೆ ತನ್ನದೊಂದು 5 ಹಿಡಿದರೆ ಕೈಗೆ ಬರುವುದು 13. ಸಾಲು ಸಾಲಾಗಿ ತಾಳೆ ನೋಡಿ. ನಿಲ್ದಾಣದ ಶುಲ್ಕವನ್ನೂ ಹಿಡಿದಿದ್ದರೆ ಆಗ ಖಂಡಿತ ಕೇಳಿ, ಜಗಳವಾಡಿದರೂ ತಪ್ಪಿಲ್ಲ.

ಹಾಗಾದರೆ ಇಷ್ಟಕ್ಕಾಗಿ ಕ್ಯಾನ್ಸಲ್ ಯಾಕೆ ಮಾಡಬೇಕು, ಹೋಗದೆ ಸುಮ್ಮನಿದ್ದರಾಯಿತು ಅನಿಸಬಹುದು. ಹಾಗೆ ಮಾಡಬೇಡಿ. ವಿಮಾನ ಹೊರಟ ಮೇಲೆ ನೀವು ‘ನೋ-ಶೋ’, ಅದರ ನಿಯಮ ಇನ್ನೂ ಬಿಗಿ. ಕೆಲವು ಕಂಪನಿಗಳು ಅದಕ್ಕೆ ಬೇರೆ ದಂಡ ಹಾಕುತ್ತವೆ. ಹೋಗಿಬರುವ ಪ್ರಯಾಣ ಒಂದೇ ಟಿಕೆಟ್ಟಿನಲ್ಲಿದ್ದರೆ, ಹೋಗುವ ವಿಮಾನ ತಪ್ಪಿಸಿದಾಗ ಬರುವ ಸೀಟನ್ನೂ ಸಾಮಾನ್ಯವಾಗಿ ರದ್ದು ಮಾಡಿಬಿಡುತ್ತಾರೆ. ಬೇರೆ ದಾರಿಯಲ್ಲಿ ಊರು ತಲುಪಿ, ವಾಪಸ್ ಬರಲು ನಿಲ್ದಾಣಕ್ಕೆ ಹೋದಾಗ ಕೌಂಟರಿನಲ್ಲಿ ನಿಮ್ಮ ಹೆಸರೇ ಇರುವುದಿಲ್ಲ.