ತಪ್ಪು ಸಾಲು, ಸರಿಯಾದ ಅರ್ಥ

ಪತ್ರಿಕೆಯ ಪಿಡಿಎಫ್ ಪುಟದಿಂದ ಎರಡು ಕಾಲಂಗಳ ಸುದ್ದಿಯೊಂದನ್ನು ನಕಲು ಮಾಡಿದರೆ ಕೆಲವೊಮ್ಮೆ ಹೀಗೆ ಸಿಗುತ್ತದೆ:

ಕೆರೆಯ ಹೂಳು ತೆಗೆಯುವ ಯಂತ್ರಗಳು ಬಂದಿವೆ. ಹೂಳನ್ನು
ಕೆಲಸ ಸೋಮವಾರ ಆರಂ ರೈತರು ತಮ್ಮ ಹೊಲಗಳಿಗೆ
ಭವಾಗಿದೆ. ಎರಡು ಜೆಸಿಬಿ ಸಾಗಿಸುತ್ತಿದ್ದಾರೆ.

ಮೊದಲ ವಾಕ್ಯ ಅಚ್ಚುಕಟ್ಟಾಗಿದೆ, ಆದರೆ ವರದಿಗಾರ ಅದನ್ನು ಬರೆದೇ ಇಲ್ಲ. ಗುಟ್ಟು ಹೊರಬೀಳುವುದು ಎರಡನೆಯ ಸಾಲಿನ ‘ಆರಂ’ ಎಂಬಲ್ಲಿ. ಆ ತುಂಡಿಗೆ ಜೋಡಿ ‘ಭವಾಗಿದೆ’ ಮಾತ್ರ, ಅದು ಇರುವುದು ಕೆಳಗಿನ ಸಾಲಿನ ಆರಂಭದಲ್ಲಿ. ಅಂದರೆ ಎಡಭಾಗದ ಮೂರು ತುಂಡುಗಳನ್ನು ಮೊದಲು ಓದಿ, ಆಮೇಲೆ ಬಲಕ್ಕೆ ಹೋಗಬೇಕು: ‘ಕೆರೆಯ ಹೂಳು ತೆಗೆಯುವ ಕೆಲಸ ಸೋಮವಾರ ಆರಂಭವಾಗಿದೆ. ಎರಡು ಜೆಸಿಬಿ ಯಂತ್ರಗಳು ಬಂದಿವೆ. ಹೂಳನ್ನು ರೈತರು ತಮ್ಮ ಹೊಲಗಳಿಗೆ ಸಾಗಿಸುತ್ತಿದ್ದಾರೆ.’ ಇಂಥ ಕಡೆ ಅರ್ಥಕ್ಕಿಂತ ಒಡೆದ ಪದವನ್ನೇ ನಂಬುವುದು ಮೇಲು.

ಈ ಎಡವಟ್ಟಿಗೆ ಕಾರಣ ಸರಳ. ಸಾಮಾನ್ಯ ಪಿಡಿಎಫ್‌ಗೆ ಕಾಲಂ, ಪ್ಯಾರಾ ಯಾವುದೂ ಗೊತ್ತಿಲ್ಲ. ಯಾವ ಅಕ್ಷರ ಪುಟದಲ್ಲಿ ಎಲ್ಲಿ ಕೂರಬೇಕು ಎಂಬುದಷ್ಟೇ ಅದರಲ್ಲಿರುತ್ತದೆ. ಓದುವ ಕ್ರಮವನ್ನು ತಂತ್ರಾಂಶ ಊಹಿಸಬೇಕು. ಒಂದೇ ಎತ್ತರದಲ್ಲಿರುವ ಅಕ್ಷರಗಳನ್ನೆಲ್ಲ ಒಂದೇ ಸಾಲೆಂದು ಹಿಡಿದರೆ ಮೇಲಿನ ಕಲಸುಮೇಲೋಗರ ಸಿದ್ಧ.

1984ರಲ್ಲಿ ಸಂಶೋಧಕರಾದ ಜಾರ್ಜ್ ನಾಗಿ ಮತ್ತು ಶರದ್ ಸೇಠ್ ತೋರಿಸಿದ ದಾರಿ ಇಂದಿಗೂ ಬಳಕೆಯಲ್ಲಿದೆ. ಪುಟದಲ್ಲಿ ಉದ್ದಕ್ಕೋ ಅಡ್ಡಕ್ಕೋ ಎಲ್ಲೂ ಅಕ್ಷರಕ್ಕೆ ತಾಗದೆ ಹಾದುಹೋಗುವ ಬಿಳಿ ಪಟ್ಟಿಯನ್ನು ಹುಡುಕಿ, ಅಲ್ಲಿ ಕತ್ತರಿಸಿ, ಪ್ರತಿ ತುಂಡಿನಲ್ಲೂ ಮತ್ತೆ ಅದನ್ನೇ ಮಾಡುವುದು. ಎರಡೂ ಕಾಲಂಗಳ ಮೇಲೆ ಹರಡಿದ ಶೀರ್ಷಿಕೆ ಇದ್ದರೆ ಉದ್ದದ ಪಟ್ಟಿ ಮೇಲಿನಿಂದ ಕೆಳಗಿನವರೆಗೆ ಸಿಗುವುದಿಲ್ಲ. ಆದ್ದರಿಂದ ಮೊದಲು ಶೀರ್ಷಿಕೆಯ ಕೆಳಗೆ ಅಡ್ಡ ಕತ್ತರಿ, ಆಮೇಲೆ ಕಾಲಂಗಳ ನಡುವೆ ಉದ್ದ ಕತ್ತರಿ. ಆದರೆ ಸಾಲುಗಳ ನಡುವೆಯೂ ಬಿಳಿ ಜಾಗ ಇರುತ್ತದಲ್ಲ! ಎಷ್ಟು ಅಗಲದ ಪಟ್ಟಿಯನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಸರಿಯಾಗಿ ಹೇಳದಿದ್ದರೆ ಕತ್ತರಿ ಮೊದಲು ಸಾಲುಗಳನ್ನೇ ಸೀಳಿ, ಹಳೆಯ ಗೊಂದಲವನ್ನೇ ಮರಳಿಸುತ್ತದೆ. ಎರಡು ಕಾಲಂಗಳ ನಡುವೆ ಚಿತ್ರ ತೂರಿಸಿದ ಪುಟದಲ್ಲಂತೂ ಈ ವಿಧಾನ ಸೋಲುವುದೇ ಹೆಚ್ಚು.

ಕಾಲಂ ಬೇರೆಯಾದ ಮೇಲೆ ಸಾಲುಗಳನ್ನು ಪ್ಯಾರಾ ಆಗಿ ಹೊಲಿಯಬೇಕು. ಒಳಸರಿದ ಸಾಲು ಹೊಸ ಪ್ಯಾರಾದ ಗುರುತು, ಅರ್ಧಕ್ಕೇ ನಿಂತ ಸಾಲು ಹಳೆಯದರ ಕೊನೆ. ಒಂದನೇ ಕಾಲಂನ ತುದಿಯಲ್ಲಿ ಪೂರ್ಣವಿರಾಮ ಇಲ್ಲದಿದ್ದರೆ ಎರಡನೆಯದರ ತಲೆಗೆ ನೇರ ಜೋಡಿಸಬಹುದು.

ಕನ್ನಡದ್ದೇ ಆದ ತೊಡಕೊಂದಿದೆ. ನಮ್ಮ ಉದ್ದುದ್ದ ಪದಗಳು ಸಾಲಿನ ತುದಿಯಲ್ಲಿ ಎಷ್ಟೋ ಸಲ ಅಡ್ಡಗೆರೆಯೂ ಇಲ್ಲದೆ ಒಡೆಯುತ್ತವೆ. ‘ನ್ನು’ ಅಥವಾ ‘ಗಳನ್ನು’ ಎಂದು ಸಾಲು ಶುರುವಾದರೆ ಹಿಂದಿನದಕ್ಕೆ ಅಂಟಿಸಲು ಅನುಮಾನ ಬೇಡ. ಆದರೆ ಸಾಲಿನ ಕೊನೆಗೆ ‘ಕಾರು’, ಮುಂದಿನ ಸಾಲಿಗೆ ‘ಬಾರು’ ಬಂದರೆ? ಎರಡೂ ನಿಘಂಟಿನಲ್ಲಿರುವ ಪದಗಳೇ. ಅಧಿಕಾರಿಯ ಕಾರುಬಾರಿನ ಸುದ್ದಿಯೋ ವಾಹನದ ಸುದ್ದಿಯೋ ಎಂದು ಅಕ್ಕಪಕ್ಕದ ವಾಕ್ಯ ಓದಿಯೇ ತೀರ್ಮಾನಿಸಬೇಕು.