ಹನ್ನೊಂದು ಟ್ಯಾಬ್, ಒಂದು ಕ್ಯಾಪ್ಚಾ

ಚಿಕ್ಕಮ್ಮನ ಫೋನ್ ಬಂತು. "ನೀರಿನ ಬಿಲ್ ಕಟ್ಟೋಣ ಅಂತ ಕೂತೆ ಕಣೋ. ಅದೇನೋ ಸೊಟ್ಟಪಟ್ಟ ಅಕ್ಷರ ತೋರಿಸುತ್ತೆ. ಸರಿಯಾಗೇ ಹೊಡೀತೀನಿ, ತಪ್ಪು ಅನ್ನುತ್ತೆ. ಏಳು ಸಲ ಆಯ್ತು. ನನ್ನನ್ನ ಬ್ಲಾಕ್ ಮಾಡಿಬಿಟ್ಟಿದಾರಾ?"

ವೆಬ್‌ಸೈಟ್ ಕಟ್ಟುವುದೇ ನನ್ನ ಕೆಲಸ. ಈ ಪ್ರಶ್ನೆ ನನಗೆ ಹೊಸದಲ್ಲ. ಹಾಗೆ ಕೇಳುವವರಲ್ಲಿ ಹೆಚ್ಚಿನವರನ್ನು ಯಾರೂ ತಡೆದಿರುವುದಿಲ್ಲ. ಹಾಗಂತ ಅವರು ತಪ್ಪು ಟೈಪ್ ಮಾಡಿದ್ದಾರೆ ಅಂತಲೂ ಅಲ್ಲ. ಇವೆರಡರ ನಡುವೆ ಮೂರನೆಯದೊಂದಿದೆ.

ಬಂದಿರುವುದು ಮನುಷ್ಯನೋ ಯಂತ್ರವೋ ಎಂದು ನೋಡುವ ಈ ಪರೀಕ್ಷೆಗೆ ಕ್ಯಾಪ್ಚಾ ಅನ್ನುತ್ತಾರೆ. ಹಳೆಯ ಬಗೆಯ ಅಕ್ಷರದ ಕ್ಯಾಪ್ಚಾ ಹೇಗೆ ಕೆಲಸ ಮಾಡುತ್ತದೆ ನೋಡಿ. ನೀವು ಪುಟ ತೆರೆದ ಕೂಡಲೇ ಸರ್ವರ್ `k7Mx2p` ಎಂಬಂಥ ಒಂದು ಪದವನ್ನು ಹುಟ್ಟಿಸುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದು ನಿಮ್ಮ ಹೆಸರಿನ ಡ್ರಾಯರಿನಲ್ಲಿ ಇಡುತ್ತದೆ. ಆ ಡ್ರಾಯರಿಗೆ ಸೆಷನ್ ಅನ್ನುತ್ತಾರೆ. ನಿಮಗೆ ಬರುವುದು ಆ ಪದದ ಚಿತ್ರ ಮಾತ್ರ. ನೀವು ಟೈಪ್ ಮಾಡಿ ಕಳಿಸಿದಾಗ ಸರ್ವರ್ ಚೀಟಿ ತೆಗೆದು ಹೋಲಿಸುತ್ತದೆ. ಯಾವ ಡ್ರಾಯರ್ ಯಾರದು ಎಂದು ಗುರುತು ಹಿಡಿಯಲು ಬ್ರೌಸರ್‌ನಲ್ಲಿ ಒಂದು ಕುಕಿ ಇರುತ್ತದೆ.

ಎಡವಟ್ಟು ಆಗುವುದು ಇಲ್ಲೇ. ಅನೇಕ ಸೈಟ್‌ಗಳಲ್ಲಿ ಒಬ್ಬರಿಗೆ ಒಂದೇ ಡ್ರಾಯರ್, ಅದರಲ್ಲಿ ಒಂದೇ ಚೀಟಿ. ಅದೇ ಸೈಟನ್ನು ಇನ್ನೊಂದು ಟ್ಯಾಬ್‌ನಲ್ಲಿ ತೆರೆದರೆ ಹಳೆಯ ಚೀಟಿ ಹೋಗಿ ಹೊಸದು ಬರುತ್ತದೆ. ಆದರೆ ಮೊದಲ ಟ್ಯಾಬ್‌ನಲ್ಲಿ ಹಳೆಯ ಚಿತ್ರ ಹಾಗೇ ಕೂತಿರುತ್ತದೆ. ಅದನ್ನು ನೋಡಿ ಅಕ್ಷರ ಬಿಡದೆ ಸರಿಯಾಗಿ ಹೊಡೆದರೂ ಉತ್ತರ ತಪ್ಪು. ಬ್ಯಾಕ್ ಬಟನ್ ಒತ್ತಿದಾಗಲೂ ಇದೇ ಕಥೆ, ಬ್ರೌಸರ್ ಹಿಂದೆ ಉಳಿಸಿಕೊಂಡಿದ್ದ ಚಿತ್ರವನ್ನೇ ತೋರಿಸಬಹುದು. ಪುಟ ತೆರೆದಿಟ್ಟು ಅಡುಗೆಮನೆಗೆ ಹೋಗಿ ಅರ್ಧ ಗಂಟೆ ಬಿಟ್ಟು ಬಂದರೆ ಡ್ರಾಯರೇ ಖಾಲಿಯಾಗಿರಬಹುದು. ಕುಕಿ ಬೇಡ ಎಂದು ಬ್ರೌಸರ್‌ನಲ್ಲಿ ಮುಚ್ಚಿಟ್ಟಿದ್ದರಂತೂ ಎಷ್ಟು ಸಲ ಹೊಡೆದರೂ ತಪ್ಪೇ.

"ಚಿಕ್ಕಮ್ಮ, ಎಷ್ಟು ಟ್ಯಾಬ್ ತೆರೆದಿದೀರಿ?" ಎಂದೆ. ಅವರಿಗೆ ಟ್ಯಾಬ್ ಅಂದರೆ ಏನೆಂದು ಹೇಳಿಕೊಡಬೇಕಾಯಿತು. ಮೇಲೆ ಚೌಕದೊಳಗೆ ಒಂದು ಸಂಖ್ಯೆ ಇರುತ್ತದಲ್ಲ, ಅದನ್ನು ಓದಿ ಎಂದೆ. ಹನ್ನೊಂದು! ಬಿಲ್ಲಿನ ಎಸ್ಸೆಮ್ಮೆಸ್‌ನಲ್ಲಿದ್ದ ಲಿಂಕನ್ನು ಒತ್ತಿದಾಗಲೆಲ್ಲ ಒಂದು ಹೊಸ ಟ್ಯಾಬ್. ಮೊದಲನೆಯದರಲ್ಲಿ ಅಷ್ಟುದ್ದದ ಗ್ರಾಹಕ ಸಂಖ್ಯೆ ಹೊಡೆದಾಗಿತ್ತು. ಅದನ್ನು ಮತ್ತೆ ಹೊಡೆಯಲು ಬೇಜಾರಾಗಿ ಪ್ರತಿ ಸಲವೂ ಅದಕ್ಕೇ ವಾಪಸ್ ಹೋಗುತ್ತಿದ್ದರು.

ಎಲ್ಲ ಮುಚ್ಚಿಸಿ ಒಂದೇ ಟ್ಯಾಬ್ ತೆರೆಸಿದೆ. ಮತ್ತೆ ತಪ್ಪು! ಈ ಸಲ ಮಾತ್ರ ಅದು ನಿಜವಾಗಿಯೂ ಟೈಪಿಂಗ್ ತಪ್ಪು. ಫೋನಿನ ಕೀಬೋರ್ಡ್ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡಿತ್ತು, `k` ಹೋಗಿ `K` ಆಗಿತ್ತು. ಪದದ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸ್ಪೇಸ್ ಸೇರಿಸುವ ಕೀಬೋರ್ಡ್‌ಗಳೂ ಇವೆ. ನಮ್ಮವರಿಗೆ ಇನ್ನೊಂದು ತೊಂದರೆ ಇದೆ. ಕನ್ನಡ ಕೀಬೋರ್ಡ್‌ನಲ್ಲೇ ಇದ್ದು `೭` ಒತ್ತಿದರೆ ನಮಗದು ಏಳೇ, ಸರ್ವರ್‌ಗೆ `7` ಅಲ್ಲ. ಎರಡಕ್ಕೂ ಬೇರೆ ಬೇರೆ ಯೂನಿಕೋಡ್ ಸಂಖ್ಯೆ.

ಚಿತ್ರ ಕಾಣದಿದ್ದರೆ ಕೇಳಬಹುದಲ್ಲ ಅಂದುಕೊಂಡು ಚಿಕ್ಕಮ್ಮ ಸ್ಪೀಕರ್ ಗುರುತನ್ನೂ ಒತ್ತಿ ನೋಡಿದ್ದರು. "ಕೆ, ಸೆವೆನ್, ಎಮ್..." ಎಂದು ಅದು ಓದಿತ್ತು. ಕೆ ದೊಡ್ಡದೋ ಚಿಕ್ಕದೋ ಹೇಳಲಿಲ್ಲ. ಸರ್ವರ್ ಮಾತ್ರ ಆ ವ್ಯತ್ಯಾಸ ನೋಡುತ್ತಿತ್ತು. ಇದು ಕಟ್ಟಿದವರ ತಪ್ಪು, ಕೇಳಿದವರದಲ್ಲ. ಮೇಲಿಂದ ಗರಗರ ಸದ್ದು ಬೇರೆ ಸೇರಿಸಿರುತ್ತಾರೆ. ಬಿ, ಡಿ, ಪಿ, ಟಿ ಎಲ್ಲ ಒಂದೇ ಥರ ಕೇಳಿಸುತ್ತವೆ, ಎಮ್ ಯಾವುದು ಎನ್ ಯಾವುದು ತಿಳಿಯುವುದಿಲ್ಲ. ಕಣ್ಣು ಕಾಣದವರಿಗೆ ಇದೊಂದೇ ಬಾಗಿಲು ಅನ್ನುವುದನ್ನು ನೆನೆದರೆ ಸಿಟ್ಟು ಬರುತ್ತದೆ.

ಆ ಸದ್ದು ಯಾಕೆ? ಯಂತ್ರದ ಕಿವಿ ಚುರುಕಾಗಿದೆ, ಅದಕ್ಕೆ. 2017ರಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು ಗೂಗಲ್‌ನ ರೀಕ್ಯಾಪ್ಚಾದ ಆಡಿಯೋವನ್ನು ಎಲ್ಲರಿಗೂ ಸಿಗುವ ಮಾತು ಗುರುತಿಸುವ ಸೇವೆಗಳಿಗೆ ಕೊಟ್ಟು ನೋಡಿದರು. ಸುಮಾರು ನೂರಕ್ಕೆ 85 ಸಲ ಸರಿಯುತ್ತರ ಬಂತು. ಆಗ ಅದರಲ್ಲಿ ಅಂಕಿಗಳನ್ನು ಓದುತ್ತಿದ್ದರು. ಆಮೇಲೆ ಅಂಕಿ ಬಿಟ್ಟು ಮಾತಿನ ತುಣುಕುಗಳನ್ನು ಹಾಕಿದರು. ಅದನ್ನೂ ಅದೇ ತಂಡ ಸುಮಾರು 90ರಷ್ಟು ಸಲ ಬಿಡಿಸಿತು.

ಹೀಗಾಗಿ ಅನುಮಾನ ಬಂದ ನೆಟ್‌ವರ್ಕ್‌ಗೆ ರೀಕ್ಯಾಪ್ಚಾ ಆಡಿಯೋವನ್ನೇ ಕೊಡುವುದಿಲ್ಲ. ಹೆಡ್‌ಫೋನ್ ಗುರುತು ಒತ್ತಿದರೆ `Your computer or network may be sending automated queries` ಎಂಬ ಸಾಲು ಬರುತ್ತದೆ, ಅಂದರೆ ನಿಮ್ಮ ಕಡೆಯಿಂದ ಯಂತ್ರ ಕೋರಿಕೆ ಕಳಿಸುತ್ತಿರಬಹುದು ಎಂಬ ಅನುಮಾನ. ಗಮನಿಸಿ, ನೀವಿನ್ನೂ ಏನನ್ನೂ ಟೈಪ್ ಮಾಡಿಲ್ಲ. ಉತ್ತರವೇ ಕೊಡದೆ ಬಂದ ನಿರಾಕರಣೆ ಟೈಪಿಂಗ್ ತಪ್ಪಾಗಲು ಸಾಧ್ಯವಿಲ್ಲ. ನಿಜವಾದ ತಡೆ ಅಂದರೆ ಇದು. ಕಣ್ಣು ಚೆನ್ನಾಗಿರುವವರಿಗೂ ಹೆಡ್‌ಫೋನ್ ಗುರುತು ಜ್ವರ ನೋಡುವ ಕಡ್ಡಿಯಂತೆ ಕೆಲಸಕ್ಕೆ ಬರುತ್ತದೆ. ಆಡಿಯೋ ಶುರುವಾಯಿತೋ, ನಿಮ್ಮ ಮೇಲೆ ಅಂಥ ಅನುಮಾನ ಇಲ್ಲ ಅನ್ನಬಹುದು. ಇವೆರಡರ ಮಧ್ಯದ ಸ್ಥಿತಿಯೂ ಒಂದಿದೆ. ಆಡಿಯೋಗೆ ಉತ್ತರಿಸಿದ ಮೇಲೆ `Multiple correct solutions required` ಎಂದು ಬಂದರೆ ನೀವು ತಪ್ಪು ಮಾಡಿದಿರಿ ಎಂದಲ್ಲ, ಒಂದು ಸರಿಯುತ್ತರ ಸಾಲದು ಎಂದಷ್ಟೇ.

ಅನುಮಾನ ಎಲ್ಲಿಂದ ಬರುತ್ತದೆ? ಹಳೆಯ ವಠಾರ ನೆನೆಸಿಕೊಳ್ಳಿ. ಹತ್ತು ಮನೆ, ಬೀದಿಗೆ ಒಂದೇ ಬಾಗಿಲು, ಒಂದೇ ನಂಬರ್. ಇಂಟರ್ನೆಟ್‌ನಲ್ಲಿ ಮನೆ ನಂಬರಿನಂತಿರುವ ಐಪಿವಿ4 ವಿಳಾಸಗಳು ಇರುವುದೇ ಸುಮಾರು 430 ಕೋಟಿ, ಹಾಗಾಗಿ ಮೊಬೈಲ್ ಕಂಪನಿಗಳು ಒಂದು ವಿಳಾಸದ ಹಿಂದೆ ಬಹಳ ಜನರನ್ನು ಕೂಡಿಸುತ್ತವೆ. ಅವರಲ್ಲಿ ಒಬ್ಬನ ಫೋನಿಗೆ ವೈರಸ್ ಹೊಕ್ಕು ರಾತ್ರಿಯೆಲ್ಲ ಕೋರಿಕೆ ಕಳಿಸಿದರೆ ಇಡೀ ವಠಾರಕ್ಕೆ ಕೆಟ್ಟ ಹೆಸರು. ವಿಪಿಎನ್ ಹಾಕಿಕೊಂಡರೂ ಇದೇ ಗತಿ, ಅಲ್ಲೂ ಬಹಳ ಜನ ಒಂದೇ ವಿಳಾಸದ ಹಿಂದೆ. ಪರೀಕ್ಷೆ ಸುಲಭ: ವೈಫೈ ಬಿಟ್ಟು ಮೊಬೈಲ್ ಡೇಟಾಗೆ ಬನ್ನಿ, ಇಲ್ಲವೇ ಡೇಟಾ ಬಿಟ್ಟು ವೈಫೈಗೆ. ಅದೇ ಫೋನ್, ಅದೇ ಬೆರಳು, ಆದರೂ ಈಗ ಒಳಗೆ ಬಿಟ್ಟಿತು ಅಂದರೆ ತಡೆ ಇದ್ದದ್ದು ನೆಟ್‌ವರ್ಕ್‌ಗೆ. ಎರಡರಲ್ಲೂ ಸೋತರೆ ಟ್ಯಾಬ್, ಕುಕಿ, ಕೀಬೋರ್ಡ್ ಕಡೆ ನೋಡಿ.

ಸೈಟ್ ಕಟ್ಟುವ ನಮ್ಮವರ ಮೇಲೂ ಒಂದು ದೂರಿದೆ. ನೀವು ಪಾಸಾದಿರಿ ಎಂದು ರೀಕ್ಯಾಪ್ಚಾ ಕೊಡುವ ಟೋಕನ್ ಎರಡೇ ನಿಮಿಷ ಬಾಳುತ್ತದೆ, ಒಂದೇ ಸಲ ನಡೆಯುತ್ತದೆ. ಮೊದಲೇ `I'm not a robot` ಚೌಕಕ್ಕೆ ಟಿಕ್ ಹಾಕಿ ಆಮೇಲೆ ನಿಧಾನವಾಗಿ ಅರ್ಜಿ ತುಂಬಿದರೆ ಸರ್ವರ್‌ಗೆ ಈ ಉತ್ತರ ಬರುತ್ತದೆ:

```
{"success": false,
 "error-codes": ["timeout-or-duplicate"]}
```

ಹೊತ್ತಾಯಿತು, ಅಥವಾ ಅದೇ ಟೋಕನ್ ಎರಡನೇ ಸಲ ಬಂತು ಎಂದು ಇದರ ಅರ್ಥ. ಕಾರಣ ಸರ್ವರ್‌ಗೆ ಗೊತ್ತು. ಪರದೆಯ ಮೇಲೆ ಬರುವುದು ಮಾತ್ರ `Invalid captcha`. "ಹೊತ್ತು ಮೀರಿತು, ಮತ್ತೆ ಟಿಕ್ ಮಾಡಿ" ಎಂದು ಬರೆಯಲು ಎಷ್ಟು ಹೊತ್ತು ಬೇಕು, ಅಲ್ವಾ?

ಚಿಕ್ಕಮ್ಮನ ವಿಷಯಕ್ಕೆ ಬರೋಣ. ಚಿಕ್ಕ `k` ಹೊಡೆಸಿದೆ, ಸ್ಪೇಸ್ ಅಳಿಸಿಸಿದೆ. "ಈಗ ಬೇರೆ ಏನೋ ಕೆಂಪಕ್ಷರ ಬಂತು" ಎಂದರು. ಓದಿಸಿದೆ. ಗ್ರಾಹಕ ಸಂಖ್ಯೆ ತಪ್ಪು ಎಂದಿತ್ತು. ನನಗೆ ಖುಷಿಯಾಯಿತು. ಬೇರೆ ತಪ್ಪು ತೋರಿಸುತ್ತಿದೆ ಅಂದರೆ ಕ್ಯಾಪ್ಚಾ ದಾಟಿದೆ.

"ನಿನಗೇನೋ ಖುಷಿ, ನನ್ನ ಬಿಲ್ಲು ಹಾಗೇ ಇದೆಯಲ್ಲೋ" ಎಂದು ಬೈದು, ಹಳೆಯ ರಸೀದಿ ಹುಡುಕಲು ಎದ್ದರು.