ಫ್ಯೂಜ್ ಪದೇ ಪದೇ ಹೋದರೆ ದಪ್ಪ ತಂತಿ ಹಾಕಬಹುದಾ?

ಪ್ರಶ್ನೆ: "ಸರ್, ಕೂಲರ್ ನಡದಾಗ ಇಸ್ತ್ರಿ ಪೆಟ್ಟಿಗಿ ಹಚ್ಚಿದ್ರ ಫ್ಯೂಜ್ ಹೋಗ್ತದ. ಎಲ್ಲಾ ಸೀರೀಸ್‌ನ್ಯಾಗ ಜೋಡಿಸಿದ್ರ ಕರೆಂಟ್ ಕಡಿಮಿ ಆಗ್ತದಲ್ರಿ? ಇಲ್ಲಾಂದ್ರ ಫ್ಯೂಜಿಗೆ ದಪ್ಪ ತಂತಿ ಹಾಕ್ಲಿ?" (ಕಲಬುರಗಿಯ ಓದುಗರು)

ಬಿಸಿಲು ಏರಿತು ಅಂದರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ಇನ್ನೊಮ್ಮೆ ಹೇಳುತ್ತೇನೆ.

ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿದರೆ, ಕರೆಂಟ್ ಕಡಿಮೆ ಆಗುವುದು ನಿಜ. ಆದರೆ ಕೆಲಸವೂ ಆಗುವುದಿಲ್ಲ. 1000 ವ್ಯಾಟ್ ಇಸ್ತ್ರಿ ಪೆಟ್ಟಿಗೆಯನ್ನು 60 ವ್ಯಾಟಿನ ಹಳೇ ಬಲ್ಬಿನ ಜೊತೆ ಸೀರೀಸ್‌ನಲ್ಲಿ ಹಾಕಿದರೆ 230 ವೋಲ್ಟಿನಲ್ಲಿ ಸುಮಾರು 217 ಬಲ್ಬಿನ ಪಾಲು. ಇಸ್ತ್ರಿಗೆ ಉಳಿಯುವುದು ಬರೀ 13. ಬಟ್ಟೆ ಬೆಚ್ಚಗೂ ಆಗದು. ಬಲ್ಬ್ ಆರಿಸಿದರೆ ಇಸ್ತ್ರಿಯೂ ಬಂದ್. ಮನೆಗಳಲ್ಲಿ ಇರುವ ಪ್ಯಾರಲಲ್ ಜೋಡಣೆಯಲ್ಲಿ ಪ್ರತಿಯೊಂದಕ್ಕೂ ಪೂರ್ತಿ 230 ವೋಲ್ಟ್ ಸಿಗುತ್ತದೆ, ಒಂದೊಂದಕ್ಕೂ ಬೇರೆ ಸ್ವಿಚ್ ಇಡಬಹುದು. ಅಷ್ಟೇ ವಿಷಯ.

ಅದರ ಬೆಲೆ ಏನೆಂದರೆ ಎಲ್ಲದರ ಕರೆಂಟೂ ಕೂಡುತ್ತಾ ಹೋಗುತ್ತದೆ. ಮೂರು ಫ್ಯಾನ್, ಒಂದು ಕೂಲರ್, ಟಿವಿ, ಫ್ರಿಜ್, ಒಂದು ಟ್ಯೂಬ್‌ಲೈಟ್ ಸೇರಿ ಹೆಚ್ಚುಕಡಿಮೆ 700 ವ್ಯಾಟ್. 230ರಿಂದ ಭಾಗಿಸಿದರೆ 3 ಆಂಪಿಯರ್. 6 ಆಂಪಿಯರ್ ಫ್ಯೂಜ್ ಆರಾಮಾಗಿ ತಡೆಯುತ್ತದೆ. ಇಸ್ತ್ರಿ ಸೇರಿತೋ, 1700 ವ್ಯಾಟ್, 7.4 ಆಂಪಿಯರ್. ಫ್ಯೂಜಿನ ಮಿತಿ ದಾಟಿತು, ಹೀಗೇ ಬಿಟ್ಟರೆ ಅದು ಹೋಗಬಹುದು.

ಈಗ ದಪ್ಪ ತಂತಿಯ ವಿಷಯ. "ಫ್ಯೂಜ್ ವೀಕ್ ಅದ" ಅನ್ನುವ ನಂಬಿಕೆ ಯಾಕೆ ಸಾಯುವುದಿಲ್ಲವೋ! ಫ್ಯೂಜ್ ಇರುವುದು ಮುಖ್ಯವಾಗಿ ಗೋಡೆಯೊಳಗಿನ ವೈರ್ ಕಾಯಲಿಕ್ಕೆ. ಹಾಗಾಗಿ ಅದರ ರೇಟಿಂಗ್ ನಿಮ್ಮ ಲೋಡಿಗಿಂತ ಜಾಸ್ತಿ ಇರಬೇಕು, ವೈರ್ ತಡೆಯುವ ಕರೆಂಟನ್ನು ಮೀರಬಾರದು. 10 ಆಂಪಿಯರ್ ತಡೆಯುವ ವೈರಿಗೆ ಮೇಲಿನ ಲೋಡಿನ ಜೊತೆ 2000 ವ್ಯಾಟಿನ ಇಂಡಕ್ಷನ್ ಒಲೆಯನ್ನೂ ಹಚ್ಚಿದಿರಿ ಅನ್ನಿ. 3700 ವ್ಯಾಟ್, ಅಂದರೆ 16 ಆಂಪಿಯರ್. ಕರೆಂಟ್ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಆದರೆ ವೈರಿನಲ್ಲಿ ಹುಟ್ಟುವ ಶಾಖ ಎರಡೂವರೆ ಪಟ್ಟು! ಶಾಖ ಏರುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. ಸಣ್ಣ ಫ್ಯೂಜ್ ಇದ್ದರೆ ಕರಗಿ ಸುದ್ದಿ ಕೊಡುತ್ತಿತ್ತು. ನಿಮ್ಮ ದಪ್ಪ ತಂತಿ ಸುಮ್ನೆ ಕೂರುತ್ತದೆ, ಗೋಡೆಯೊಳಗೆ ಪ್ಲಾಸ್ಟಿಕ್ ಬೇಯುತ್ತದೆ. ಸ್ವಿಚ್‌ಬೋರ್ಡ್ ಮುಟ್ಟಿದರೆ ಬಿಸಿ, ಸುಟ್ಟ ವಾಸನೆ, ಕಪ್ಪಾದ ಪ್ಲಗ್ ಪಿನ್ನು ಕಂಡರೆ ಆಗಲೇ ತಡವಾಗಿದೆ ಅಂತ ತಿಳಿಯಿರಿ.

ಮಾಡಬೇಕಾದ್ದು ಇಷ್ಟು: ಇಸ್ತ್ರಿ, ಇಂಡಕ್ಷನ್‌ಗೆ ಬೋರ್ಡಿನಿಂದಲೇ ಬೇರೆ ಲೈನ್ ಎಳೆಸಿ. 2.5 ಚದರ ಮಿ.ಮೀ. ತಾಮ್ರದ ವೈರ್, ಲೋಡ್ ಮೀರಿದರೆ ತಾನೇ ಬೀಳುವ 16 ಆಂಪಿಯರ್ ಎಂಸಿಬಿ ಸ್ವಿಚ್. ಎರಡೂ ಸೇರಿ 13 ಆಂಪಿಯರ್, ನಡೆಯುತ್ತದೆ.

ಯಾರೂ ಕೇಳದಿದ್ದರೂ ಇದನ್ನೂ ಹೇಳಿಬಿಡುತ್ತೇನೆ. ತಗಡಿನ ಕೂಲರ್ ಮುಟ್ಟಿದಾಗ ಶಾಕ್ ಹೊಡೆದರೆ ಫ್ಯೂಜ್ ಉಳಿಸುತ್ತದಾ? ಇಲ್ಲ. ಮೈಯಲ್ಲಿ ಹರಿದು ಜೀವ ತೆಗೆಯಲು 100 ಮಿಲಿಆಂಪಿಯರ್ ಸಾಕು, 6 ಆಂಪಿಯರ್ ಫ್ಯೂಜಿಗೆ ಅದು ಗೊತ್ತೂ ಆಗುವುದಿಲ್ಲ. ಅದಕ್ಕೆ ಸರಿಯಾದ ಅರ್ಥಿಂಗ್ ಬೇಕು, ಜೊತೆಗೆ ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಅದರ ಮೇಲೆ ಟೆಸ್ಟ್ ಬಟನ್ ಇರುತ್ತದೆ, ಕೂಲರ್ ಹೊರಗೆ ತೆಗೆಯುವ ಮೊದಲು ಒಮ್ಮೆ ಒತ್ತಿ ನೋಡಿ. ಕರೆಂಟ್ ಹೋಗದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ.